ಮೀನಿನ ಕಸ, ತೆಂಗಿನ ಬುಡ, ನೊಣ

"ಉಡುಪಿಯಲ್ಲಿ ಮನೆ. ಮೀನಿನ ಕಸ ತೆಂಗಿನ ಬುಡಕ್ಕೆ ಹಾಕ್ತೇವೆ. ದಿನಾ ಫಿನೈಲ್ ಹಾಕಿ ಒರೆಸಿದ್ರೂ ನೊಣ ಕಮ್ಮಿ ಆಗ್ತಿಲ್ಲ. ಅನ್ನದ ಮೇಲೆ ಒಂದ್ಸಲ ಕೂತ್ರೆ ಏನಾಗುತ್ತೆ?"

ನೊಣಕ್ಕೆ ಅಗಿಯಲು ಬರುವುದಿಲ್ಲ. ಹೊಟ್ಟೆಯಲ್ಲಿದ್ದದ್ದನ್ನು ಅನ್ನದ ಮೇಲೆ ಕಕ್ಕಿ, ಕರಗಿಸಿ ಹೀರುತ್ತದೆ. ಅದಕ್ಕೆ ಮುಂಚೆ ಮಲದ ಮೇಲೆ ಕೂತಿದ್ದರೆ ಅಲ್ಲಿನ ರೋಗಾಣು ಕಾಲಿನ ಕೂದಲಿಗೂ ಅಂಟಿ ಬರುತ್ತದೆ. ಟ್ಯೂಬ್‌ಲೈಟಿನ ವಯರಿನ ಮೇಲೆ ಚುಕ್ಕಿ ಚುಕ್ಕಿ ಕಾಣುತ್ತದಲ್ವಾ? ಅದು ಇದೇ ವಾಂತಿ, ಹಿಕ್ಕೆ.

ಫಿನೈಲ್ ಒಳಗೆ, ಹುಟ್ಟುವ ಜಾಗ ಹೊರಗೆ. ತೆಂಗಿನ ಬುಡದ ಕಸವನ್ನು ಕೋಲಿನಿಂದ ಕೆದಕಿ. ಬಿಳಿ ಹುಳ ಮಿಸುಕಿದರೆ ಅಲ್ಲೇ ತವರು. ನಮ್ಮ ಸೆಕೆಗೆ ಮೊಟ್ಟೆ ನೊಣವಾಗಲು 7ರಿಂದ 10 ದಿನ ಸಾಕು. ಹಾಗಾಗಿ ಕಸವನ್ನು ಅದೇ ದಿನ ಒಂದಡಿಗಿಂತ ಆಳಕ್ಕೆ ಹೂತು, ಮಣ್ಣನ್ನು ಚೆನ್ನಾಗಿ ತುಳಿಯಿರಿ. ಸಡಿಲ ಮಣ್ಣಾದರೆ ನೊಣ ಕೊರೆದು ಮೇಲೆ ಬಂದುಬಿಡುತ್ತದೆ. ಈಗಾಗಲೇ ಹಾರುತ್ತಿರುವವು ಇನ್ನೂ ಕೆಲವು ವಾರ ಇರುತ್ತವೆ, ಅಲ್ಲಿಯವರೆಗೆ ಅನ್ನಕ್ಕೆ ಮುಚ್ಚಳ ಬೇಕೇ ಬೇಕು.

ಜಿರಳೆಯೂ ಹೀಗೇ ರೋಗ ಹೊರುತ್ತದೆ, ಆದರೆ ಮೋರಿಯಿಂದ, ರಾತ್ರಿ ಹೊತ್ತು. ಮಲಗುವ ಮುಂಚೆ ಸಿಂಕ್ ಒಣಗಿಸಿ, ಕಿಂಡಿಗೆ ಜಾಲರಿ ಹಾಕಿ.