ಪೋಸ್ಟ್‌ಮ್ಯಾನ್ ನಡಿಗೆ: ಬೆಸ ಮೂಲೆಗಳನ್ನು ಹುಡುಕಿ

> "ಎರಡು ಮೇನ್, ನಾಲ್ಕು ಕ್ರಾಸ್. ಕ್ರಾಸ್‌ಗಳ ನಡುವೆ 100 ಮೀಟರ್, ಒಂದೊಂದು ಕ್ರಾಸ್ 60 ಮೀಟರ್. ಎಲ್ಲಾ ಬೀದಿ ನಡೆದು ಶುರುವಾದಲ್ಲಿಗೇ ಬರಬೇಕು. ಕಮ್ಮಿ ನಡಿಗೆ ಎಷ್ಟು?"

960 ಮೀಟರ್. ಬೀದಿಗಳ ಒಟ್ಟು ಉದ್ದವೇ 840, ಅಂದರೆ 120 ಮೀಟರ್ ಎರಡನೇ ಸಲ ನಡೆಯಲೇಬೇಕು.

ಯಾಕೆ ಅಂದ್ರೆ, ಒಂದು ಮೂಲೆಗೆ ಬಂದವರು ಇನ್ನೊಂದು ಬೀದಿಯಲ್ಲಿ ಹೊರಡಬೇಕು ಅಲ್ವಾ? ಹಾಗಾಗಿ ಬೀದಿಗಳು ಜೋಡಿಯಾಗಿ ಮುಗಿಯುತ್ತವೆ. ಮೂರು ಬೀದಿ ಸೇರುವ ಕಡೆ ಒಂದು ಉಳಿಯುತ್ತದೆ. ನಿಮ್ಮಲ್ಲಿ ಅಂಥ ಬೆಸ ಮೂಲೆಗಳು ನಾಲ್ಕು: 2 ಮತ್ತು 3ನೇ ಕ್ರಾಸ್‌ಗಳ ಎರಡೂ ತುದಿ. ಇವನ್ನು ಎರಡೆರಡಾಗಿ ಜೋಡಿಸಿ, ನಡುವಿನ ದಾರಿಯನ್ನು ಮತ್ತೆ ನಡೆಯಬೇಕು. ಜೋಡಿಸುವ ಬಗೆ ಮೂರೇ. ಕ್ರಾಸ್ ಉದ್ದಕ್ಕೆ ಜೋಡಿಸಿದರೆ 120, ಮೇನ್ ಉದ್ದಕ್ಕೆ 200, ಓರೆಯಾಗಿ 320.

ಹೀಗೆ ನಡೆಯಿರಿ: 1ನೇ ಮೇನ್ ಹಿಡಿದು ಹೋಗಿ. 2ನೇ ಕ್ರಾಸ್ ಸಿಕ್ಕಾಗ ಇಳಿದು ಅಲ್ಲೇ ವಾಪಸ್ ಬನ್ನಿ, 3ನೇ ಕ್ರಾಸ್‌ಗೂ ಹಾಗೇ. ಆಮೇಲೆ 4ನೇ ಕ್ರಾಸ್, 2ನೇ ಮೇನ್, 1ನೇ ಕ್ರಾಸ್. ಹೋಗುವಾಗ ಎಡಬದಿ ಮನೆ, ಬರುವಾಗ ಇನ್ನೊಂದು ಬದಿ ಮನೆಗಳಿಗೆ ಕಾಗದ ಕೊಟ್ಟರೆ ಆ ನಡಿಗೆ ಸುಮ್ನೆ ಹೋಗಲ್ಲ.

ಈ ಲೆಕ್ಕವನ್ನು 1960ರಲ್ಲಿ ಚೀನಾದ ಗಣಿತಜ್ಞ ಗುವಾನ್ ಮೇಗು ಮುಂದಿಟ್ಟರು. ಬೆಸ ಮೂಲೆಗಳು ಜಾಸ್ತಿಯಾದಾಗ ಎಚ್ಚರ: ಎಂಟಕ್ಕೆ 105 ಬಗೆಯ ಜೋಡಣೆ ಇವೆ. ಹತ್ತಿರದವನ್ನು ಮೊದಲು ಜೋಡಿಸಿಬಿಟ್ಟರೆ ಕೊನೆಗೆ ದೂರದವು ಉಳಿದು ಮೊತ್ತ ಏರಬಹುದು.