ಡೈಲ್ಯೂಷನ್ ಸ್ಟೆಪ್ ಕನ್ನಡದಲ್ಲಿ ಬರೆಯೋದು ಹೇಗೆ

"ಬ್ಯಾಕ್ಟೀರಿಯಾ ಎಣಿಸೋ ಪ್ರೋಟೋಕಾಲ್‌ನ ಕನ್ನಡಕ್ಕೆ ಮಾಡ್ಕೊಟ್ಟೆ, '1:10 ಡೈಲ್ಯೂಟ್ ಮಾಡಿ' ಅಂತ ಬರ್ದಿದ್ದೆ. ಒಂದೊಂದು ಬ್ಯಾಚ್‌ಗೆ ಒಂದೊಂದು ಕೌಂಟ್ ಬರ್ತಿದೆ, ಯಾಕೆ?"

ಬಹುಶಃ ಕೆಲವರು 1 ಎಂಎಲ್ ಸ್ಯಾಂಪಲ್‌ನ 10 ಎಂಎಲ್ ಸಲೈನ್‌ಗೆ ಹಾಕ್ತಿದಾರೆ, ಅದು 10 ಪಟ್ಟಿನ ಬದಲು 11 ಪಟ್ಟು ಆಗುತ್ತೆ, ಆರನೇ ಟ್ಯೂಬ್ ಹೊತ್ತಿಗೆ ಕೌಂಟ್ ಹತ್ತಿರಹತ್ತಿರ ಅರ್ಧಕ್ಕೇ ಇಳಿದುಬಿಡುತ್ತೆ. ಅನುಪಾತ ಬಿಟ್ಟು ಅಳತೇನೇ ಬರೀರಿ: "ಪ್ರತಿ ಟ್ಯೂಬಲ್ಲೂ 9 ಎಂಎಲ್ ಸ್ಟೆರೈಲ್ ಸಲೈನ್ ಇರಲಿ, ಹಿಂದಿನ ಟ್ಯೂಬಿಂದ 1 ಎಂಎಲ್ ಹಾಕಿ ಚೆನ್ನಾಗಿ ಮಿಕ್ಸ್ ಮಾಡಿ, ಮುಂದಿನದಕ್ಕೆ ಹೊಸ ಟಿಪ್." ಅದಕ್ಕೂ ಮುಂಚೆ ಆಟೋಕ್ಲೇವ್ ಸ್ಟೆಪ್‌ನಲ್ಲಿ "121 ಡಿಗ್ರಿ ಮುಟ್ಟಿದ ಮೇಲೆ 15 ನಿಮಿಷ" ಅಂತ ಬಿಡಿಸಿ ಬರೀರಿ, ಇಲ್ಲಾಂದ್ರೆ ಸ್ವಿಚ್ ಹಾಕಿದಾಗಿಂದಾನೇ ಎಣಿಸ್ತಾರೆ. ಕೊನೇಲಿ "ಪ್ಲೇಟ್ ತಲೆಕೆಳಗಾಗಿಟ್ಟು 37 ಡಿಗ್ರಿಯಲ್ಲಿ 24 ಗಂಟೆ, 30ರಿಂದ 300 ಕಾಲೊನಿ ಇರೋ ಪ್ಲೇಟ್ ಮಾತ್ರ ಎಣಿಸಿ." ಆಮೇಲೂ ಕೌಂಟ್ ಹೊಂದದಿದ್ರೆ ಮಿಕ್ಸಿಂಗ್ ಸಾಲ್ತಿಲ್ಲ ಇಲ್ಲಾ ಪಿಪೆಟ್ ತಪ್ಪು ಅಳೀತಿದೆ, 1 ಎಂಎಲ್ ನೀರು ತೂಗಿ ನೋಡಿ, ಸುಮಾರು 1 ಗ್ರಾಂ ಬರ್ಬೇಕು.