ಸರಾಸರಿ 130 ಮಿಲಿಸೆಕೆಂಡ್, ಆದರೂ ಆ್ಯಪ್ ನಿಧಾನ: ಪಿ95 ಮತ್ತು ಪಿ99 ಓದುವುದು ಹೇಗೆ

ಪ್ರಶ್ನೆ: "ನಮ್ಮ ಆರ್ಡರ್ ಆ್ಯಪ್‌ನ ಡ್ಯಾಶ್‌ಬೋರ್ಡ್‌ನಲ್ಲಿ ರೆಸ್ಪಾನ್ಸ್ ಟೈಮ್ ಸರಾಸರಿ 130 ಮಿಲಿಸೆಕೆಂಡ್ ಅಂತ ಇದೆ. ಆದರೂ ದಿನಾ ಯಾರಾದರೂ 'ಲೋಡ್ ಆಗ್ತಾನೇ ಇಲ್ಲ' ಅಂತ ದೂರು ಕೊಡ್ತಾರೆ. ಸೀನಿಯರ್ ಒಬ್ಬರು ಪಿ95, ಪಿ99 ನೋಡು ಅಂದ್ರು. ಅದೇನು? ಸರಾಸರಿ ಯಾಕೆ ಸಾಲದು?"

ದೂರು ಕೊಡುವವರು ಹೇಳುತ್ತಿರುವುದೂ ನಿಜ, ಆ 130 ಕೂಡ ನಿಜ ಇರಬಹುದು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅನ್ನೋದನ್ನು ಲೆಕ್ಕ ಹಾಕಿಯೇ ನೋಡೋಣ.

ಒಂದು ನಿಮಿಷದಲ್ಲಿ ನಿಮ್ಮ ಸರ್ವರ್‌ಗೆ 1,000 ರಿಕ್ವೆಸ್ಟ್ ಬಂದವು ಅಂದುಕೊಳ್ಳಿ. ಅದರಲ್ಲಿ 940ಕ್ಕೆ ಉತ್ತರ ಕ್ಯಾಶ್‌ನಲ್ಲೇ ಇತ್ತು, ತಲಾ 60 ಮಿಲಿಸೆಕೆಂಡ್‌ನಲ್ಲಿ ಮುಗಿದವು. 45 ರಿಕ್ವೆಸ್ಟ್ ಡೇಟಾಬೇಸ್‌ಗೆ ಹೋಗಿ ಬರಬೇಕಾಯಿತು, ಅವಕ್ಕೆ ತಲಾ 300. ಉಳಿದ 15ಕ್ಕೆ ಡೇಟಾಬೇಸ್ ಕನೆಕ್ಷನ್ನೇ ಖಾಲಿ ಇರಲಿಲ್ಲ. ಅವು ಕಾದು ಕಾದು 4,000 ಮಿಲಿಸೆಕೆಂಡ್, ಅಂದರೆ 4 ಸೆಕೆಂಡ್ ತಗೊಂಡವು. ಈಗ ಕೂಡಿಸಿ: 56,400, 13,500, 60,000. ಒಟ್ಟು 1,29,900. ಸಾವಿರದಿಂದ ಭಾಗಿಸಿದರೆ ಸುಮಾರು 130.

ಈ ಸಾವಿರದಲ್ಲಿ 130 ಮಿಲಿಸೆಕೆಂಡ್ ತಗೊಂಡ ರಿಕ್ವೆಸ್ಟ್ ಒಂದೂ ಇಲ್ಲ. ಒಟ್ಟು ಸಮಯದ ಅರ್ಧಕ್ಕೆ ಹತ್ತಿರದಷ್ಟನ್ನು ಆ 15 ರಿಕ್ವೆಸ್ಟ್‌ಗಳೇ ತಿಂದಿವೆ. ಆದರೆ ಭಾಗಾಕಾರ ಅದನ್ನು ತೆಗೆದು ಸಾವಿರ ಜನರಿಗೂ ಹಂಚಿಬಿಟ್ಟಿತು, ಪ್ರತಿಯೊಬ್ಬರ ಪಾಲಿಗೆ ಬರೀ 60 ಮಿಲಿಸೆಕೆಂಡ್ ಬಂತು. ಅಷ್ಟು ಸಣ್ಣ ವ್ಯತ್ಯಾಸವನ್ನು ಗ್ರಾಫ್‌ನಲ್ಲಿ ಯಾರೂ ಗಮನಿಸುವುದಿಲ್ಲ. ಇತ್ತ ನಿಮಿಷಕ್ಕೆ 15 ಅಂದರೆ ಗಂಟೆಗೆ 900 ರಿಕ್ವೆಸ್ಟ್. ನಿಮಗೆ ಬರುವ ದೂರುಗಳು ಅಲ್ಲಿಂದ ಬರುತ್ತಿವೆ.

ಇನ್ನೂ ಚಿಂತೆಯ ವಿಷಯ ಒಂದಿದೆ. ಮುಂದಿನ ವಾರ ನೀವು ಕ್ಯಾಶ್ ಸುಧಾರಿಸಿದಿರಿ, 60 ಮಿಲಿಸೆಕೆಂಡ್ 40ಕ್ಕೆ ಇಳಿಯಿತು ಅನ್ನಿ. ಅದೇ ವಾರ ಕನೆಕ್ಷನ್ ಸಮಸ್ಯೆ ಜಾಸ್ತಿಯಾಗಿ ನಿಧಾನದ ರಿಕ್ವೆಸ್ಟ್ 15ರಿಂದ 18 ಆದವು. ಮತ್ತೆ ಲೆಕ್ಕ ಹಾಕಿ: 937 ರಿಕ್ವೆಸ್ಟ್ 40ರಂತೆ, 45 ರಿಕ್ವೆಸ್ಟ್ 300ರಂತೆ, 18 ರಿಕ್ವೆಸ್ಟ್ 4,000ದಂತೆ. ಸರಾಸರಿ ಸುಮಾರು 123. ಕಷ್ಟಪಡುವವರು ಐದರಲ್ಲೊಂದು ಪಾಲು ಹೆಚ್ಚಾದರು, ಗ್ರಾಫ್ ಮಾತ್ರ ಕೆಳಗಿಳಿಯಿತು. ಮೀಟಿಂಗ್‌ನಲ್ಲಿ ಎಲ್ಲರೂ ಸುಧಾರಿಸಿದೆ ಅಂತ ನಂಬುತ್ತಾರೆ. ಸರಾಸರಿಯೊಂದನ್ನೇ ನೋಡಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಅದು ತಪ್ಪು ದಿಕ್ಕನ್ನೂ ತೋರಿಸಬಲ್ಲದು.

ಈಗ ಪಿ95, ಪಿ99. ಮೊದಲಿನ ಸಾವಿರ ರಿಕ್ವೆಸ್ಟ್‌ಗಳನ್ನೇ ತಗೊಳ್ಳಿ. ವೇಗದಿಂದ ನಿಧಾನದ ಕಡೆಗೆ ಸಾಲಾಗಿ ಜೋಡಿಸಿ. 500ನೆಯದರ ಸಮಯ ಪಿ50, ಅಂದರೆ ಮೀಡಿಯನ್. ಇಲ್ಲಿ 60 ಮಿಲಿಸೆಕೆಂಡ್. 950ನೆಯದರ ಸಮಯ ಪಿ95, ಇಲ್ಲಿ 300. 990ನೆಯದರ ಸಮಯ ಪಿ99, ಇಲ್ಲಿ 4,000. ಪಿ99 ನಾಲ್ಕು ಸೆಕೆಂಡ್ ಅಂದರೆ ನೂರರಲ್ಲಿ ಒಂದು ರಿಕ್ವೆಸ್ಟ್ ಆದರೂ ನಾಲ್ಕು ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಕಾಯುತ್ತಿದೆ ಅಂತ ಅರ್ಥ. ಇಲ್ಲಿ ಭಾಗಾಕಾರವೇ ಇಲ್ಲ, ಹಾಗಾಗಿ ಒಬ್ಬರ ಕಾಯುವಿಕೆ ಇನ್ನೊಬ್ಬರ ಲೆಕ್ಕಕ್ಕೆ ಹೋಗುವುದಿಲ್ಲ.

ಈ ಉದಾಹರಣೆಯಲ್ಲಿ ಪಿ95 ಕೂಡ ನಾಲ್ಕು ಸೆಕೆಂಡಿನ ಸಮಸ್ಯೆಯನ್ನು ತೋರಿಸಲಿಲ್ಲ, ಗಮನಿಸಿದಿರಾ? ನಿಧಾನದವು ನೂರಕ್ಕೆ ಒಂದೂವರೆ ಮಾತ್ರ. ಪಿ95ಗೆ ಕಾಣಬೇಕಾದರೆ ಅವು ನೂರಕ್ಕೆ ಐದನ್ನು ದಾಟಬೇಕು. ಅದಕ್ಕೇ ಎರಡನ್ನೂ ಇಟ್ಟುಕೊಳ್ಳುವುದು. ಪಿ95 ಸಾಮಾನ್ಯವಾಗಿ ಡೇಟಾಬೇಸ್ ತನಕ ಹೋಗುವ ದಾರಿ ಹೇಗಿದೆ ಅಂತ ಹೇಳುತ್ತದೆ. ಪಿ99 ಎಲ್ಲೋ ಏನೋ ಸಿಕ್ಕಿಹಾಕಿಕೊಳ್ಳುತ್ತಿದೆ ಅನ್ನುವುದನ್ನು ಹೇಳುತ್ತದೆ: ಕನೆಕ್ಷನ್‌ಗೆ ಕಾಯುವುದು, ಲಾಕ್, ಗಾರ್ಬೇಜ್ ಕಲೆಕ್ಷನ್‌ನಿಂದ ನಿಲ್ಲುವುದು, ಹೀಗೆ.

ನೂರಕ್ಕೆ ಒಂದು ತಾನೇ, ಬಿಡಿ ಅನ್ನುವವರು ಸಿಗುತ್ತಾರೆ. ಅವರಿಗೆ ಹೋಮ್ ಸ್ಕ್ರೀನ್ ತೆರೆದು ತೋರಿಸಿ. ಒಂದು ಸ್ಕ್ರೀನ್ 20 ರಿಕ್ವೆಸ್ಟ್ ಕಳಿಸುತ್ತದೆ, ಪ್ರತಿಯೊಂದೂ ನಿಧಾನವಾಗುವ ಸಾಧ್ಯತೆ ನೂರಕ್ಕೆ ಒಂದು ಅಂದುಕೊಳ್ಳಿ. ಇಪ್ಪತ್ತೂ ಬೇಗ ಮುಗಿಯುವ ಸಾಧ್ಯತೆ 0.99ರ ಇಪ್ಪತ್ತನೇ ಘಾತ, ಅಂದರೆ ಸುಮಾರು 0.82. ಹಾಗಾಗಿ ನೂರು ಸಲ ಸ್ಕ್ರೀನ್ ತೆರೆದರೆ ಸುಮಾರು 18 ಸಲ ಏನಾದರೂ ಒಂದು ಭಾಗ ಸುತ್ತುತ್ತಾ ಕೂರುತ್ತದೆ. ಒಂದು ರಿಕ್ವೆಸ್ಟ್ ನಿಧಾನವಾದಾಗ ಜೊತೆಯವೂ ನಿಧಾನವಾದರೆ ಈ ಅಂಕಿ ಬದಲಾಗುತ್ತದೆ, ಆದರೆ ನೂರಕ್ಕೆ ಒಂದು ಅನ್ನುವುದು ಬಳಸುವವರ ಕಣ್ಣಿಗೆ ನೂರಕ್ಕೆ ಒಂದಾಗಿ ಕಾಣುವುದಿಲ್ಲ.

ನಿಮ್ಮ ಡ್ಯಾಶ್‌ಬೋರ್ಡ್ ಪ್ರೊಮೀಥಿಯಸ್ ಮೇಲೆ ಇದ್ದರೆ ಅದು ಪಿ99 ಹೇಗೆ ಲೆಕ್ಕ ಹಾಕುತ್ತದೆ ಅನ್ನೋದನ್ನೂ ತಿಳಿದುಕೊಳ್ಳಿ. ಅದರ ಹಿಸ್ಟೋಗ್ರಾಮ್ ಪ್ರತಿ ರಿಕ್ವೆಸ್ಟಿನ ಸಮಯವನ್ನು ಇಟ್ಟುಕೊಳ್ಳುವುದಿಲ್ಲ. ಇಷ್ಟು ಸೆಕೆಂಡಿನೊಳಗೆ ಎಷ್ಟು ಮುಗಿದವು ಅನ್ನುವ ಎಣಿಕೆಯನ್ನು ಮಾತ್ರ ಬಕೆಟ್‌ಗಳಲ್ಲಿ ಇಡುತ್ತದೆ. ಗೋ ಭಾಷೆಯ ಲೈಬ್ರರಿಯ ಡೀಫಾಲ್ಟ್ ಬಕೆಟ್‌ಗಳಲ್ಲಿ ಕೊನೆಯವು 1, 2.5, 5, 10 ಸೆಕೆಂಡ್. ಕೇಳುವ ಕ್ವೆರಿ ಹೀಗಿರುತ್ತದೆ (ಮೆಟ್ರಿಕ್ ಹೆಸರು ನಿಮ್ಮಲ್ಲಿ ಬೇರೆ ಇರಬಹುದು):

```
histogram_quantile(0.99,
  sum by (le) (rate(http_request_duration_seconds_bucket[5m])))
```

ನಮ್ಮ ಉದಾಹರಣೆಗೆ ಇದು ಕೊಡುವ ಉತ್ತರ ನಾಲ್ಕು ಸೆಕೆಂಡ್ ಅಲ್ಲ. 2.5 ಸೆಕೆಂಡಿನೊಳಗೆ 985 ರಿಕ್ವೆಸ್ಟ್ ಮುಗಿದಿವೆ, 2.5ರಿಂದ 5ರ ಬಕೆಟ್‌ನಲ್ಲಿ 15 ಇವೆ. 990ನೆಯದು ಈ 15ರಲ್ಲಿ ಐದನೆಯದು. ಬಕೆಟ್ ಒಳಗೆ ಅವು ಸಮವಾಗಿ ಹರಡಿವೆ ಅಂತ ಪ್ರೊಮೀಥಿಯಸ್ ಊಹಿಸುತ್ತದೆ, ಮೂರನೇ ಒಂದು ಭಾಗದ ದೂರದಲ್ಲಿ ಉತ್ತರ ಕೊಡುತ್ತದೆ: 3.33 ಸೆಕೆಂಡ್. ಸತ್ಯ 4. ಇದು ದೋಷವಲ್ಲ, ಬಕೆಟ್ ಅಗಲ ಇದ್ದರೆ ಅಂದಾಜು ಹಾಗೇ ಬರುತ್ತದೆ. ನಿಮಗೆ ಮುಖ್ಯವಾದ ಸಮಯದ ಹತ್ತಿರ, ಉದಾಹರಣೆಗೆ 1 ಸೆಕೆಂಡಿನ ಆಸುಪಾಸಿನಲ್ಲಿ, ಇನ್ನೆರಡು ಬಕೆಟ್ ಸೇರಿಸಿ. ಇನ್ನು ಪಿ99 ಸರಿಯಾಗಿ 10ರಲ್ಲೇ ಗೆರೆ ಎಳೆದಂತೆ ನಿಂತಿದ್ದರೆ 10 ಸೆಕೆಂಡ್ ಅಂತ ಓದಬೇಡಿ. ನಿಜವಾದ ಸಮಯ ಕೊನೆಯ ಬಕೆಟನ್ನೂ ದಾಟಿ ಹೋಗಿದೆ ಅಂತ ಓದಿ.

ಆ ಕ್ವೆರಿಯಲ್ಲಿ `sum` ಒಳಗಿದೆ, `histogram_quantile` ಹೊರಗಿದೆ. ಈ ಕ್ರಮ ಬಹಳ ಮುಖ್ಯ. ಎಲ್ಲ ಸರ್ವರ್‌ಗಳ ಬಕೆಟ್ ಎಣಿಕೆಗಳನ್ನು ಮೊದಲು ಕೂಡಿಸಿ, ಆಮೇಲೆ ಪಿ99 ತೆಗೆಯಬೇಕು. ಪ್ರತಿ ಸರ್ವರ್‌ನ ಪಿ99 ತೆಗೆದು ಅವುಗಳ ಸರಾಸರಿ ಹಾಕಿದರೆ ಬರುವ ಅಂಕಿಗೆ ಅರ್ಥವೇ ಇರುವುದಿಲ್ಲ. ಒಂದು ಸರ್ವರ್ 900 ರಿಕ್ವೆಸ್ಟ್ ಮಾಡಿತು, ಎಲ್ಲವೂ 100 ಮಿಲಿಸೆಕೆಂಡ್. ಈಗಷ್ಟೇ ಶುರುವಾದ ಇನ್ನೊಂದಕ್ಕೆ 100 ಬಂದವು, 95 ಅಷ್ಟೇ ಬೇಗ ಮುಗಿದವು, 5 ಮಾತ್ರ 5 ಸೆಕೆಂಡ್ ತಗೊಂಡವು. ಪಿ99ಗಳು 100 ಮತ್ತು 5,000, ಸರಾಸರಿ 2,550. ಆದರೆ ಸಾವಿರವನ್ನೂ ಒಟ್ಟಿಗೆ ಜೋಡಿಸಿದರೆ 990ನೆಯದು 100 ಮಿಲಿಸೆಕೆಂಡೇ. ದಿನದ ಪಿ99 ಬೇಕು ಅಂತ ನಿಮಿಷಗಳ ಪಿ99 ಸರಾಸರಿ ಮಾಡುವುದೂ ಇದೇ ತಪ್ಪು. ರಾತ್ರಿ ಮೂರು ಗಂಟೆಯ ಹತ್ತು ರಿಕ್ವೆಸ್ಟ್‌ಗೂ ಸಂಜೆಯ ಸಾವಿರಗಟ್ಟಲೆಗೂ ಒಂದೇ ತೂಕ ಸಿಕ್ಕಿಬಿಡುತ್ತದೆ.

ರಿಕ್ವೆಸ್ಟ್ ಕಡಿಮೆ ಇರುವ ಎಪಿಐಗಳಲ್ಲಿ ಪಿ99ರ ಮೇಲೆ ಅಲರ್ಟ್ ಇಡಬೇಡಿ. ಐದು ನಿಮಿಷಕ್ಕೆ 60 ರಿಕ್ವೆಸ್ಟ್ ಬಂದರೆ ಪಿ99 ಅಂದರೆ ಎಲ್ಲಕ್ಕಿಂತ ನಿಧಾನದ ಒಂದೇ ಒಂದು ರಿಕ್ವೆಸ್ಟ್ ಅಷ್ಟೇ. ಸುಮ್ನೆ ರಾತ್ರಿಯೆಲ್ಲ ಫೋನ್ ಬಡಿದುಕೊಳ್ಳುತ್ತದೆ.

ಹಾಗಾದರೆ ನೀವು ಈಗ ಏನು ಮಾಡಬೇಕು? ಆ ನೂರಕ್ಕೆ ಒಂದೂವರೆ ಯಾರು ಅಂತ ಹುಡುಕಿ. 1 ಸೆಕೆಂಡ್ ದಾಟಿದ ಪ್ರತಿ ರಿಕ್ವೆಸ್ಟನ್ನೂ ಗ್ರಾಹಕರ ಐಡಿ ಮತ್ತು ಎಪಿಐ ಹೆಸರಿನ ಜೊತೆ ಲಾಗ್ ಮಾಡಿ. ಪರ್ಸೆಂಟೈಲ್ ಎಣಿಸುವುದು ರಿಕ್ವೆಸ್ಟ್‌ಗಳನ್ನು, ಜನರನ್ನಲ್ಲ. ನಿಧಾನದವು ಎಲ್ಲರಿಗೂ ಸರದಿಯಂತೆ ಬರುತ್ತಿವೆಯೋ, ಅಥವಾ ದಿನಾ ಅದೇ ಕೆಲವರಿಗೆ ಬರುತ್ತಿವೆಯೋ ಅನ್ನೋದು ಪಿ99 ನೋಡಿದರೆ ಗೊತ್ತಾಗಲ್ಲ. ಆರ್ಡರ್ ಆ್ಯಪ್‌ಗಳಲ್ಲಿ ವರ್ಷಗಳಿಂದ ಆರ್ಡರ್ ಮಾಡುತ್ತಾ ಬಂದ ಗ್ರಾಹಕರ ಆರ್ಡರ್ ಪಟ್ಟಿ ಉದ್ದ ಇರುತ್ತದೆ, ಅವರ ಕ್ವೆರಿಯೂ ಭಾರ. ಹಾಗಿದ್ದರೆ ನಿಮ್ಮ ಅತಿ ಹಳೆಯ ಗ್ರಾಹಕರಿಗೇ ಅತಿ ಕೆಟ್ಟ ಅನುಭವ ಸಿಗುತ್ತಿದೆ.

ಆಮೇಲೆ ಸಮಯ ಎಲ್ಲಿ ಹೋಗುತ್ತಿದೆ ಅಂತ ನೋಡಿ. ಪೋಸ್ಟ್‌ಗ್ರೆಸ್ ಆದರೆ `log_min_duration_statement` ಅನ್ನು `1000` ಮಾಡಿ, 1 ಸೆಕೆಂಡ್ ದಾಟಿದ ಕ್ವೆರಿಗಳು ಲಾಗ್‌ಗೆ ಬರುತ್ತವೆ. ನಾಲ್ಕು ಸೆಕೆಂಡಿನ ರಿಕ್ವೆಸ್ಟ್‌ಗೆ ತಕ್ಕ ಕ್ವೆರಿ ಅಲ್ಲಿದ್ದರೆ ಇಂಡೆಕ್ಸ್ ಕಡೆ ನೋಡಿ. ಅಲ್ಲೇನೂ ಇಲ್ಲದಿದ್ದರೆ ರಿಕ್ವೆಸ್ಟ್ ಡೇಟಾಬೇಸ್ ಮುಟ್ಟುವ ಮೊದಲೇ ಕಾಯುತ್ತಿರಬಹುದು. ಜಾವಾದಲ್ಲಿ ಹಿಕಾರಿ ಪೂಲ್ ಬಳಸಿ, ಮೈಕ್ರೋಮೀಟರ್ ಮೂಲಕ ಮೆಟ್ರಿಕ್ ಕಳಿಸುತ್ತಿದ್ದರೆ `hikaricp_connections_pending` ನೋಡಿ. ಪಿ99 ಏರಿದಾಗಲೆಲ್ಲ ಅದೂ ಸೊನ್ನೆಯಿಂದ ಮೇಲೆದ್ದರೆ ಕಾರಣ ಬಹುಮಟ್ಟಿಗೆ ಸಿಕ್ಕಿತು. ಪೂಲ್ ದೊಡ್ಡದು ಮಾಡುವ ಮುಂಚೆ ಯಾವ ಕೋಡ್ ಕನೆಕ್ಷನ್ ಹಿಡಿದುಕೊಂಡು ಬಿಡದೆ ಕೂತಿದೆ ಅಂತ ಪತ್ತೆ ಮಾಡಿ. ಟ್ರಾನ್ಸಾಕ್ಷನ್ ತೆರೆದಿಟ್ಟು ನಡುವೆ ಪೇಮೆಂಟ್ ಎಪಿಐ ಕರೆಯುವ ಕೋಡ್ ಇದ್ದರೆ ನಾನು ಮೊದಲು ಅನುಮಾನಿಸುವುದು ಅದನ್ನೇ.

ಸರಿಪಡಿಸಿದ ಮೇಲೆ ಏನಾಗಬೇಕು ಅನ್ನೋದನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಕನೆಕ್ಷನ್‌ಗೆ ಕಾಯುವುದು ಪೂರ್ತಿ ತಪ್ಪಿ, ಆ 15 ರಿಕ್ವೆಸ್ಟ್‌ಗಳೂ 300 ಮಿಲಿಸೆಕೆಂಡ್‌ನಲ್ಲಿ ಮುಗಿದರೆ, ಪಿ99 4,000ದಿಂದ 300ಕ್ಕೆ ಇಳಿಯಬೇಕು, ಸರಾಸರಿ ಸುಮಾರು 74 ಆಗಬೇಕು. ಪಿ95 ಮಾತ್ರ ಮೊದಲಿನಂತೆ 300ರಲ್ಲೇ ಇರುತ್ತದೆ. ಅದನ್ನೂ ಇಳಿಸಬೇಕು ಅಂದರೆ ಕ್ಯಾಶ್‌ನಲ್ಲಿ ಸಿಗದ ಆ ರಿಕ್ವೆಸ್ಟ್‌ಗಳ ಮೇಲೆ ಬೇರೆಯೇ ಕೆಲಸ ಮಾಡಬೇಕು.